ಬಿ.ಪಿ. ಮಾತ್ರೆ ಕೊಡುವ ಲೆಕ್ಕ ಮೇ 1ರಿಂದ ಬದಲಾಗುತ್ತಿದೆ

ಸಂಘದ ಸದಸ್ಯರಿಗೂ ನಮ್ಮ ಔಷಧಿ ಅಂಗಡಿಯ ಗ್ರಾಹಕರಿಗೂ ನಮಸ್ಕಾರ.

ಮೇ 1ರಿಂದ ನಮ್ಮ ಅಂಗಡಿಯಲ್ಲಿ ಬಿ.ಪಿ. ಮಾತ್ರೆಯನ್ನು ಸ್ಟ್ರಿಪ್ ಲೆಕ್ಕದಲ್ಲಿ ಕೊಡುವುದಿಲ್ಲ. ನಿಮಗೆ ಎಷ್ಟು ದಿನಕ್ಕೆ ಬೇಕೋ ಅಷ್ಟು ಮಾತ್ರೆ ಎಣಿಸಿ ಕೊಡುತ್ತೇವೆ. ಇದಕ್ಕೆ ಕಾರಣವಾದ ಸಂಗತಿಯನ್ನು, ಆ ಮನೆಯವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇವೆ.

ಭಾಗಮಂಡಲದ ಕಡೆಯಿಂದ ಬರುವ ಒಬ್ಬ ಅಜ್ಜಿ ದಿನಕ್ಕೊಂದು ಟೆಲ್ಮಿಸಾರ್ಟನ್, ಒಂದು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಪ್ರತಿ ತಿಂಗಳು 1ನೇ ತಾರೀಕು ಬಂದು ಎರಡನ್ನೂ ಒಯ್ಯುವುದು ರೂಢಿ. ಈ ತಿಂಗಳ 1ರಂದು ಮೊದಲು ಡಾಕ್ಟರ ಹತ್ತಿರ ಹೋದರು. ಬಿ.ಪಿ. ಏರಿತ್ತು. ಡೋಸ್ ಹೆಚ್ಚಿಸಬೇಕಾಗಬಹುದು ಎಂದರಂತೆ. ಅಜ್ಜಿ ಗಾಬರಿಯಿಂದ ನಮ್ಮಲ್ಲಿಗೆ ಬಂದು, "ಒಂದು ದಿನವೂ ಬಿಟ್ಟಿಲ್ಲ ಮಗಾ" ಎಂದರು. ಹಳೇ ಬಿಲ್ಲು ತೆಗೆದು ಎಣಿಸಿದೆವು. ಅವರ ಟೆಲ್ಮಿಸಾರ್ಟನ್ ಸ್ಟ್ರಿಪ್‌ನಲ್ಲಿ ಇರುವುದು 14 ಮಾತ್ರೆ. ತಿಂಗಳಿಗೆ ಎರಡು ಸ್ಟ್ರಿಪ್ ಎಂದರೆ 28. ಜನವರಿಯಿಂದ ಮಾರ್ಚ್‌ವರೆಗೆ 90 ದಿನ, ಅವರು ಒಯ್ದದ್ದು 84 ಮಾತ್ರೆ. ಫೆಬ್ರವರಿ ಸರಿಹೋಯಿತು; ಜನವರಿಯ ಕೊನೆಗೆ 3 ದಿನ, ಮಾರ್ಚ್ ಕೊನೆಗೆ 3 ದಿನ ಆ ಮಾತ್ರೆಯೇ ಇರಲಿಲ್ಲ. ಇನ್ನೊಂದು ಮಾತ್ರೆ ನುಂಗುತ್ತಿದ್ದರಲ್ಲ, ಹಾಗಾಗಿ ಬಿಟ್ಟಿದ್ದೇನೆ ಅಂತ ಅವರಿಗೆ ಅನಿಸಲೇ ಇಲ್ಲ. ಡಾಕ್ಟರು ನೋಡಿದ್ದು ಮೂರು ದಿನ ಖಾಲಿಯಾದ ಮೇಲಿನ ಬಿ.ಪಿ.ಯನ್ನು. ಈ ಲೆಕ್ಕ ಬರೆದುಕೊಟ್ಟು ಅಜ್ಜಿಯನ್ನು ಡಾಕ್ಟರ ಹತ್ತಿರ ವಾಪಸ್ ಕಳಿಸಿದೆವು. ಡೋಸ್ ಹಾಗೇ ಉಳಿಯಿತು. ಎರಡು ಸ್ಟ್ರಿಪ್ ಕೈಗಿತ್ತು ಕಳಿಸುತ್ತಿದ್ದವರು ನಾವೇ. ತಪ್ಪು ನಮ್ಮದೂ ಹೌದು.

ಮಾತ್ರೆ ತಪ್ಪಿದಾಗ ಮೈಗೆ ಏನೂ ಗೊತ್ತಾಗದಿರುವುದೇ ಇದರ ಅಪಾಯ. ಆಮ್ಲೋಡಿಪಿನ್‌ನಂಥದ್ದು ರಕ್ತದಲ್ಲಿ ಕೆಲವು ದಿನ ಉಳಿಯುತ್ತದೆ, ಬಿ.ಪಿ. ಸದ್ದಿಲ್ಲದೆ ನಿಧಾನ ಏರುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಹಾಗಲ್ಲ. ಹೃದಯದ ತೊಂದರೆ ಇರುವವರು ಇವನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಆಗಬಹುದು. ಕ್ಲೋನಿಡಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು; ನಿಂತ ಒಂದೆರಡು ದಿನದಲ್ಲೇ ಬಿ.ಪಿ. ಮೊದಲಿಗಿಂತ ಮೇಲಕ್ಕೆ ಹಾರಬಹುದು. ಈ ಮೂರು ಮಾತ್ರೆಯವರ ಕಾರ್ಡಿಗೆ ಕೆಂಪು ಗುರುತು ಹಾಕುತ್ತೇವೆ.

ಹೌದು, ಇನ್ನು ಪ್ರತಿಯೊಬ್ಬರಿಗೂ ಒಂದು ಕಾರ್ಡು. ಅದರಲ್ಲಿ ಎರಡು ತಾರೀಕು ಇರುತ್ತದೆ: ಮಾತ್ರೆ ಮುಗಿಯುವ ದಿನ, ಅದಕ್ಕೆ 7 ದಿನ ಮುಂಚಿನ ಅಂಗಡಿಗೆ ಬರುವ ದಿನ. ನಿಮ್ಮ ಎಲ್ಲ ಬಿ.ಪಿ. ಮಾತ್ರೆಗಳೂ ಒಂದೇ ದಿನ ಮುಗಿಯುವಂತೆ ಮೊದಲ ಸಲ ಹೊಂದಿಸಿ ಕೊಡುತ್ತೇವೆ. ಸ್ಟ್ರಿಪ್ ಕತ್ತರಿಸಬೇಕಾದರೆ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕನ್ನು ಕವರಿನ ಮೇಲೆ ಬರೆಯುತ್ತೇವೆ. ಮಾತ್ರೆಯನ್ನು ಮಾತ್ರ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ, ಮಳೆಗಾಲದ ಥಂಡಿಗೆ ಹಾಳಾಗುತ್ತದೆ.

ಇನ್ನು ಮಳೆಗಾಲದ ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಕಕ್ಕಡ ತಿಂಗಳಲ್ಲಿ ಲೋಡು ಬರುವುದೂ ಕಷ್ಟ, ನೀವು ಬರುವುದೂ ಕಷ್ಟ. ಆದ್ದರಿಂದ ಮೇ ಮುಗಿಯುವುದರೊಳಗೆ 15 ದಿನದ ಮಾತ್ರೆ ಮನೆಯಲ್ಲಿ ಹೆಚ್ಚಿಗೆ ಇರಲಿ. ಒಂದೇ ಸಲ ದುಡ್ಡು ಹೊಂದದಿದ್ದರೆ ಮೂರು ವಾರ, ವಾರಕ್ಕೆ 5 ದಿನದ್ದು ಹೆಚ್ಚಿಗೆ ಒಯ್ದರೂ ಆಯಿತು. ಡಾಕ್ಟರನ್ನು ಕಂಡಾಗ ಚೀಟಿಯಲ್ಲಿ 45 ದಿನಕ್ಕೆ ಎಂದು ಬರೆಸಿ. ಹೊಸದಾಗಿ ತಂದದ್ದನ್ನು ಹಿಂದೆ ಇಟ್ಟು ಹಳೆಯದನ್ನು ಮೊದಲು ಮುಗಿಸಿ. ಆರು ತಿಂಗಳದ್ದು ಒಟ್ಟಿಗೆ ಕೇಳಬೇಡಿ, ನಡುವೆ ಮಾತ್ರೆ ಬದಲಾದರೆ ದುಡ್ಡು ದಂಡ.

ವಾರದ ಬಟವಾಡೆಯಲ್ಲಿ ಸಂಸಾರ ನಡೆಸುವ ಲೈನ್ ಮನೆಯವರಿಗೆ ಸಂತೆ ದಿನ 7 ದಿನದ ಮಾತ್ರೆ ಕೊಡುತ್ತೇವೆ, ಬಿಡಿ ಮಾತ್ರೆಗೂ ಸ್ಟ್ರಿಪ್ಪಿನ ದರವೇ. ಅದೂ ಭಾರವಾದರೆ ದಿನ ಬಿಟ್ಟು ದಿನ ನುಂಗಿ ಉಳಿಸಬೇಡಿ, ನಮಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮಾತ್ರೆ ಉಚಿತ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ; ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಅಲ್ಲಿ ಒಂದು ವಾರ ಸ್ಟಾಕ್ ಇಲ್ಲದಿದ್ದರೆ ಆ ಒಂದು ವಾರದ್ದು ಮಾತ್ರ ನಮ್ಮಲ್ಲಿ ಒಯ್ಯಿರಿ.

ಆದರೂ ಖಾಲಿಯಾಯಿತು ಅಂದುಕೊಳ್ಳಿ. ಪಕ್ಕದ ಮನೆಯವರ ಬಿ.ಪಿ. ಮಾತ್ರೆ ನುಂಗಬೇಡಿ; ಮೆಟೊಪ್ರೊಲಾಲ್ ಉಬ್ಬಸದವರಿಗೆ ಉಸಿರಾಟವನ್ನೇ ಕಷ್ಟ ಮಾಡಬಹುದು. ಕಕ್ಕಡದ ಮದ್ದು ಸೊಪ್ಪಿನ ಪಾಯಸ ನಾವೂ ಉಣ್ಣುತ್ತೇವೆ, ಅದು ಮಾತ್ರೆಯ ಬದಲಿಗೆ ಆಗುವುದಿಲ್ಲ. ಖಾಲಿ ಸ್ಟ್ರಿಪ್ ಅಥವಾ ಕವರು ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಾತ್ರೆ ಸಿಕ್ಕ ಮೇಲೆ ತಪ್ಪಿದ್ದನ್ನು ಸೇರಿಸಿ ಎರಡೆರಡು ನುಂಗಬೇಡಿ. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಬರುವಾಗ ಡಾಕ್ಟರ ಚೀಟಿಯ ಜೊತೆ ಮನೆಯಲ್ಲಿ ಉಳಿದಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ತನ್ನಿ. ಎಣಿಸಿ, ನಿಮ್ಮ ಮೊದಲ ಕಾರ್ಡು ಅಲ್ಲೇ ಬರೆದು ಕೊಡುತ್ತೇವೆ.

ಇಂತಿ,
ಸಹಕಾರ ಸಂಘದ ಔಷಧಿ ಅಂಗಡಿಯ ಸಿಬ್ಬಂದಿ