ಸೋಮವಾರದ ಬೋನಸ್ ಬುಧವಾರದ ಗುಂಡಿಗೆ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಂಬಳದ ಪಟ್ಟಿ ಮಾಡುವುದು ನನ್ನ ಕೆಲಸ. ನನ್ನಮ್ಮ ಚಿಕ್ಕಮಗಳೂರು ಜಿಲ್ಲೆಯ ಒಂದು ತೋಟದಲ್ಲಿ ಕಾಫಿ ಕೊಯ್ಯುತ್ತಾಳೆ. ಕಳೆದ ಕೊಯ್ಲಿನ ಕೂಲಿ ಚೀಟಿಗಳನ್ನು ಅವಳು ಫೋನಿನಲ್ಲಿ ಫೋಟೊ ತೆಗೆದು ಕಳಿಸಿದ್ದಳು. ಕೂಡಿಸಿದ್ದು, ಗುಣಿಸಿದ್ದು ಎಲ್ಲವೂ ಸರಿಯಾಗಿತ್ತು. ತಪ್ಪಿದ್ದದ್ದು ಲೆಕ್ಕ ಹಾಕುವ ಕ್ರಮದಲ್ಲಿ.

ಅಲ್ಲಿನ ದರ ಹೀಗಿದೆ: ದಿನಕ್ಕೆ 100 ಕೇಜಿವರೆಗೆ ಕೇಜಿಗೆ ₹5, ಅದರ ಮೇಲಿನ ಪ್ರತಿ ಕೇಜಿಗೆ ₹7. ಒಂದು ವಾರ ಅಮ್ಮ ಮೂರೇ ದಿನ ಕೆಲಸಕ್ಕೆ ಹೋಗಿದ್ದಳು. ಸೋಮವಾರ ರೋಬಸ್ಟಾ ಗಿಡಗಳಲ್ಲಿ ಹಣ್ಣು ಗೊಂಚಲುಗೊಂಚಲಾಗಿತ್ತು. 130 ಕೇಜಿ ಕೊಯ್ದಳು. ನೂರಕ್ಕೆ ₹500, ಮೇಲಿನ ಮೂವತ್ತಕ್ಕೆ ₹210, ಒಟ್ಟು ₹710. ಮಂಗಳವಾರ 96 ಕೇಜಿ, ₹480. ಬುಧವಾರ ಅವಳನ್ನು ಅರೇಬಿಕಾದ ಕಡೇ ಸುತ್ತಿಗೆ ಹಾಕಿದರು. ಹಿಂದಿನ ಸುತ್ತುಗಳಲ್ಲಿ ಕೊಯ್ದು ಉಳಿದ ಹಣ್ಣನ್ನು ಎಲೆ ಸರಿಸಿ ಹುಡುಕಬೇಕು, ಉದುರಿದ್ದನ್ನು ನೆಲದಿಂದ ಆಯಬೇಕು. ಬೆಳಗಿನಿಂದ ಸಂಜೆವರೆಗೆ ದುಡಿದರೂ ತೂಗಿದ್ದು 58 ಕೇಜಿ, ₹290. “ಹಣ್ಣಿದ್ರೆ ಕೈ ಓಡ್ತದೆ, ಇಲ್ಲದಿದ್ರೆ ಕಣ್ಣು ಮಾತ್ರ ಓಡ್ತದೆ” ಎಂದಳು ಅಮ್ಮ. ಗುರಿ ಮಾತ್ರ ಅಂದೂ ಅದೇ ನೂರು ಕೇಜಿ.

ದಿನದ ಕನಿಷ್ಠ ವೇತನವನ್ನು ಇಲ್ಲಿ ಲೆಕ್ಕದ ಸಲುವಾಗಿ ₹450 ಎಂದು ಹಿಡಿಯುತ್ತೇನೆ. ನಿಮ್ಮ ಅಧಿಸೂಚನೆಯಲ್ಲಿ ತುಟ್ಟಿಭತ್ಯೆ ಸೇರಿ ಎಷ್ಟಿದೆಯೋ ಅದನ್ನೇ ಆ ಜಾಗದಲ್ಲಿ ಇಟ್ಟು ನೋಡಬಹುದು. 1948ರ ಕನಿಷ್ಠ ವೇತನ ಕಾಯ್ದೆ ಹೇಳಿದ್ದನ್ನೇ 2019ರ ವೇತನ ಸಂಹಿತೆಯೂ ಹೇಳುತ್ತದೆ: ತುಂಡುಗೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡದೆ ಕಾಲದ ಲೆಕ್ಕದ ಕನಿಷ್ಠ ವೇತನವನ್ನು ಮಾತ್ರ ಗೊತ್ತುಮಾಡಿದ್ದರೆ, ತುಂಡುಗೆಲಸದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಹಾಗಾದರೆ ಬುಧವಾರದ ₹290ಕ್ಕೆ ₹160 ತುಂಬಿಕೊಡಬೇಕಿತ್ತು. ಮೂರು ದಿನಕ್ಕೆ ಅಮ್ಮನ ಕೈಗೆ ₹1,640 ಬರಬೇಕಿತ್ತು.

ಬಂದದ್ದು ₹1,480. ಅಮ್ಮ ಕೇಳಿದ್ದಕ್ಕೆ ತೋಟದ ರೈಟರ್, “ಮೂರು ದಿನದ್ದು ಸೇರಿಸಿ ಭಾಗಿಸಿದ್ರೆ ದಿನಕ್ಕೆ 493 ಬರ್ತದಲ್ಲ, ಕನಿಷ್ಠಕ್ಕಿಂತ ಜಾಸ್ತಿನೇ ಆಯ್ತು” ಎಂದರಂತೆ. ನನ್ನ ಅಸಮಾಧಾನವೆಲ್ಲ ಈ ಸರಾಸರಿಯ ಬಗ್ಗೆ. ಸೋಮವಾರ ಗುರಿ ಮೀರಿ ಕೊಯ್ದು ಗಳಿಸಿದ ಹಣದಿಂದಲೇ ಬುಧವಾರದ ಕೊರತೆಯನ್ನು ಮುಚ್ಚಿದರು. ಮಾಲೀಕರು ತುಂಬಬೇಕಾದ ₹160ನ್ನು ಅಮ್ಮನ ಬೋನಸ್ಸೇ ತುಂಬಿತು. ಚೀಟಿಯಲ್ಲಿ ವಾರದ ಒಟ್ಟು ಕೇಜಿ ಮತ್ತು ಒಟ್ಟು ಹಣ ಮಾತ್ರ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಮ್ಮ ದಿನದಿನದ ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದರಿಂದ ನನಗೆ ಗೊತ್ತಾಯಿತು.

ತಕ್ಕಡಿಯ ಹತ್ತಿರವೂ ಒಂದು ಸೋರಿಕೆ ಇದೆ. ಗೋಣಿಚೀಲದ ತೂಕವೆಂದು ಚೀಲಕ್ಕೆ 2 ಕೇಜಿ ಕಳೆಯುತ್ತಾರೆ. ಅಮ್ಮನ ಖಾಲಿ ಚೀಲ ತೂಗಿದರೆ ಸುಮಾರು 1 ಕೇಜಿ. ಸೋಮವಾರ ಮೂರು ಚೀಲಕ್ಕೆ 3 ಕೇಜಿ ಹೆಚ್ಚಾಗಿ ಹೋಯಿತು. ಗುರಿ ದಾಟಿದ ದಿನ ಕಳೆಯುವ ಪ್ರತಿ ಕೇಜಿಯೂ ಬೋನಸ್ಸಿನ ಭಾಗದಿಂದಲೇ ಹೋಗುವುದರಿಂದ ನಷ್ಟ ಕೇಜಿಗೆ ₹5 ಅಲ್ಲ, ₹7. ಸಣ್ಣ ಮೊತ್ತ, ನಿಜ. ಆದರೆ ಕೊಯ್ಲು ಮುಗಿಯುವವರೆಗೂ ದಿನಾ ನಡೆಯುತ್ತದೆ.

ಹಣ್ಣು ಹೆಚ್ಚಿರುವ ದಿನಗಳಲ್ಲಿ ಕೇಜಿ ಲೆಕ್ಕವೇ ಅಮ್ಮನಿಗೂ ಇಷ್ಟ. ಅದನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಬೆಲೆ ಇಳಿದ ವರ್ಷ ಸಣ್ಣ ಬೆಳೆಗಾರರ ಕಷ್ಟವೂ ನನಗೆ ಗೊತ್ತಿದೆ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಿಂದ ಒಂದು ಸ್ಪಷ್ಟ ಸುತ್ತೋಲೆ ಹೊರಡಲಿ. ಕೇಜಿ ಲೆಕ್ಕದ ಕೂಲಿಯನ್ನು ಕನಿಷ್ಠ ವೇತನದೊಂದಿಗೆ ಆಯಾ ದಿನಕ್ಕೇ ಹೋಲಿಸಬೇಕು, ವಾರದ ಸರಾಸರಿ ಹಿಡಿಯಬಾರದು ಎಂದು ಅದರಲ್ಲಿರಲಿ. ಚೀಟಿಯಲ್ಲಿ ದಿನದಿನದ ತೂಕ, ಚೀಲಕ್ಕೆ ಕಳೆದದ್ದು, ಗುರಿಯ ಮೇಲಿನ ಕೇಜಿ, ತುಂಬಿಕೊಟ್ಟ ಹಣ ಬೇರೆಬೇರೆಯಾಗಿ ಕಾಣಲಿ. ಚೀಲವನ್ನು ಖಾಲಿಯಿದ್ದಾಗ ಕೂಲಿಯವರ ಎದುರೇ ತೂಗಲಿ. ಗುರಿಯನ್ನು ಅಂದಿನ ಗಿಡ, ಅಂದಿನ ಸುತ್ತು ನೋಡಿ ಬೆಳಿಗ್ಗೆಯೇ ಹೇಳಲಿ. ಮೊದಲ ಕೊಯ್ಲಿಗೂ ಕಡೇ ಸುತ್ತಿಗೂ ಒಂದೇ ನೂರು ಕೇಜಿ ನ್ಯಾಯವಲ್ಲ. ನಿಮ್ಮ ನಿರೀಕ್ಷಕರು ತೋಟಕ್ಕೆ ಹೋದಾಗ ವಾರದ ಮೊತ್ತಕ್ಕೆ ತೃಪ್ತರಾಗದೆ ಅತಿ ಕಡಿಮೆ ತೂಕದ ದಿನದ ಸಾಲನ್ನು ತೆಗೆಸಿ ನೋಡಲಿ.

ಅಮ್ಮನ ಚೀಟಿಗಳನ್ನೂ ಕ್ಯಾಲೆಂಡರಿನ ಹಾಳೆಯನ್ನೂ ನಾನು ಜೋಪಾನವಾಗಿ ಇಟ್ಟಿದ್ದೇನೆ. ಕರೆದರೆ ಅರ್ಧ ದಿನ ರಜೆ ಹಾಕಿ ನಿಮ್ಮ ಕಚೇರಿಗೆ ತರುತ್ತೇನೆ. ಜನವರಿಯಲ್ಲಿ ಮತ್ತೆ ರೋಬಸ್ಟಾ ಕೊಯ್ಲು ಶುರುವಾಗುತ್ತದೆ. ಸುತ್ತೋಲೆ ಅಷ್ಟರೊಳಗೆ ತೋಟಗಳಿಗೆ ತಲುಪಬೇಕು.

ಇಂತಿ,
ಕಾಫಿ ಕೊಯ್ಯುವವಳ ಮಗಳು
ಪೀಣ್ಯ, ಬೆಂಗಳೂರು