ಸೀರೆ ಬರಹಗಳ ಅಂಕಿ: ಶನಿವಾರದೊಳಗ ಹಾಕ್ರಿ

ಎಲ್ಲರಿಗೂ ನಮಸ್ಕಾರ್ರೀ. ಇಳಕಲ್ ಸೀರೆ ತಾಣಕ್ಕೆ ಬರೆಯೋರೆಲ್ಲಾ ತಮ್ಮ ಬರಹಗಳ ಕಳೆದ 28 ದಿನದ ಅಂಕಿಗಳನ್ನ ಗೂಗಲ್ ಅನಾಲಿಟಿಕ್ಸ್‌ನಾಗ ನೋಡಿ ಶನಿವಾರ ಸಂಜೆ 6ರೊಳಗ ಇಲ್ಲಿ ಹಾಕ್ರಿ: ಭೇಟಿ, ಬೌನ್ಸ್ ರೇಟ್, `scroll`, ಆರ್ಡರ್ ಬಟನ್ ಒತ್ತಿದ ಭೇಟಿ.

ಬೌನ್ಸ್ ಹೆಚ್ಚೈತಿ ಅಂತ ಬರಹ ಕೈಬಿಡಬ್ಯಾಡ್ರಿ. 10 ಸೆಕೆಂಡು ಮೀರಿ ನಿಲ್ಲದ, ಎರಡನೇ ಪುಟ ತೆರೆಯದ, ಆರ್ಡರ್ ಬಟನ್ನೂ ಒತ್ತದ ಭೇಟಿ ಅಷ್ಟ ಅದರಾಗ ಎಣಿಕೆ ಆಗತೈತಿ. ಬಟನ್ ಎಣಿಕೆಗೆ ಬರಬೇಕಂದ್ರ ಅದನ್ನ `Key events`ನಾಗ ಗುರುತು ಮಾಡಿರಬೇಕು. ಇವತ್ತು ಮಾಡಿದ್ರ ಹಿಂದಿನ ದಿನಗಳಿಗೆ ಅನ್ವಯ ಆಗಂಗಿಲ್ಲ. `scroll` ಪುಟದ 90% ಇಳಿದಾಗ ಮಾತ್ರ ದಾಖಲಾಗತೈತಿ, ಅರ್ಧ ಓದಿದವರು ಅದರಾಗ ಕಾಣಂಗಿಲ್ಲ.

ಉದಾಹರಣೆಗೆ, ‘ಸೀರೆ ತೊಳೆಯೋ ಬಗೆ’ಗೆ 500 ಭೇಟಿ, ಕೊನೆವರೆಗೆ ಇಳಿದದ್ದು 200, ಬಟನ್ ಒತ್ತಿದ್ದು 2 ಅಂತ ಹಿಡೀರಿ. ‘ಅಸಲಿ ಸೀರೆ ಗುರುತು’ಗೆ 120 ಭೇಟಿ, ಇಳಿದದ್ದು 60, ಬಟನ್ 9. ಅಂದ್ರ 0.4% ಮತ್ತು 7.5%. ಹೊಸ ಫೋಟೊ, ವಿಡಿಯೊ, ಹೆಚ್ಚಿನ ವಿವರ ಎಲ್ಲಾ ಎರಡನೇದಕ್ಕ ಹೋಗಬೇಕು. ತೊಳೆಯೋ ಬಗೆ ಓದೋರ ಮನ್ಯಾಗ ಸೀರೆ ಆಗಲೇ ಐತಿ. ಅದನ್ನ ತಿದ್ದಿ ಬರೆಯೋದು ಬ್ಯಾಡ, ಕೊನೆಗೆ ಎರಡನೇದರ ಲಿಂಕ್ ಹಾಕಿದ್ರ ಸಾಕು.

50ಕ್ಕಿಂತ ಕಡಿಮೆ ಭೇಟಿ ಇರೋ ಬರಹ ಈ ಸಲ ಬಿಡ್ರಿ, ಅಷ್ಟರಾಗ ತೀರ್ಮಾನ ಮಾಡೋದು ಸರಿ ಅಲ್ಲ. ಓದಿದವರು ‘ಆಯ್ತು’ ಅಂತ ಹಾಕ್ರಿ, ಲಾಗಿನ್ ಆಗದಿದ್ದವರು ಇವತ್ತೇ ತಿಳಸ್ರಿ.