ಬೀರುವಿನೊಳಗಿನ ರಿಮೋಟು

ಲೇ ದೋಸ್ತ,

ಶನಿವಾರ ನಿನ್ನ ಸ್ಟ್ಯಾಂಡಪ್ ಕಾಮಿಡಿ ಶೋ ಮುಗಿದ ಮೇಲೆ ರಾಯಲ್ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುವಾಗ "ಹೆಂಗಿತ್ತು?" ಅಂತ ಕೇಳಿದೆಯಲ್ಲ, ನಾನು "ಚಲೋ ಇತ್ತು" ಅಂದೆ. ಬಾಯಲ್ಲಿ ಮಿರ್ಚಿ ಇತ್ತು, ಸುಳ್ಳು ಸಲೀಸಾಗಿ ಬಂತು. ಮನೆಗೆ ಬಂದು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಮೂರು ಸಲ ಕೇಳಿದೆ. ನೀನೇ ಒಪ್ಪಿದ್ದೀಯ ಅಂತ ಇದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

7 ನಿಮಿಷದ ಸೆಟ್ಟು. ಮೊದಲ ನಗು ಬಂದಿದ್ದು 52ನೇ ಸೆಕೆಂಡಿಗೆ. ಅಷ್ಟು ಹೊತ್ತು ಏನು ಹೇಳುತ್ತಿದ್ದೆ ಗೊತ್ತಾ? ಅಪ್ಪ ಎಸಿ ತಂದ ಕಥೆ. ಯಾವ ಅಂಗಡಿ, ಎಷ್ಟು ಕಂತು, ಫಿಟ್ ಮಾಡುವವನು ಎರಡು ದಿನ ತಡವಾಗಿ ಬಂದದ್ದು, ಗೋಡೆ ಕೊರೆಯುವಾಗ ಸುಣ್ಣ ಉದುರಿದ್ದು. ನಡುವೆ "ಬಳ್ಳಾರಿಯಾಗ ಎರಡೇ ಕಾಲ, ಬ್ಯಾಸಿಗಿ, ಕಡು ಬ್ಯಾಸಿಗಿ" ಬೇರೆ. ಅದನ್ನು ಇಲ್ಲಿನ ಆಟೋದವರೂ ಹೇಳುತ್ತಾರೆ. ನೀನು "ಎರಡೇ ಕಾಲ" ಅನ್ನುವಷ್ಟರಲ್ಲಿ ಜನ ಮುಂದಿನದನ್ನು ಮನಸ್ಸಲ್ಲೇ ಹೇಳಿಕೊಂಡು ಮುಗಿಸಿದ್ದರು.

ಅಂಗಡಿ, ಕಂತು, ಸುಣ್ಣ ಯಾವುದೂ ಜೋಕಿಗೆ ಬೇಕಿಲ್ಲ. ಒಂದೊಂದು ವಾಕ್ಯ ತೆಗೆದು ನೋಡು. ತೆಗೆದ ಮೇಲೂ ಪಂಚ್ ಅರ್ಥ ಆಗುತ್ತದೆ ಅಂದರೆ ಆ ವಾಕ್ಯ ಅಲ್ಲಿ ಸುಮ್ನೆ ಕೂತಿತ್ತು ಅಂತ ಲೆಕ್ಕ. ನಾನು ತೆಗೆದು ನೋಡಿದೆ. ಉಳಿದಿದ್ದು ಮೂರೇ ಮಾತು: ಮೇ ತಿಂಗಳು, ಅಪ್ಪ ಎಸಿ ತಂದ, ನಾನು ರಿಮೋಟ್ ಕೇಳಿದೆ.

ಇನ್ನು ಪಂಚ್. ನೀನು ಹೇಳಿದ್ದು ಹೀಗೆ: "ರಿಮೋಟ್ ಬೀರುದಾಗ ಬಂಗಾರದ ಜೊತಿ ಇಟ್ಟೀನಿ ಅಂತ ನಮ್ಮಪ್ಪ ಹೇಳಿದ್ರು ನೋಡ್ರಿ." ರೆಕಾರ್ಡಿಂಗ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. "ಬಂಗಾರದ ಜೊತಿ" ಅಂದಾಗ ಹಿಂದಿನ ಸಾಲಿನಲ್ಲಿ ಇಬ್ಬರು ನಗಲು ಶುರು ಮಾಡುತ್ತಾರೆ. ನೀನು "ಇಟ್ಟೀನಿ ಅಂತ ನಮ್ಮಪ್ಪ..." ಅಂತ ಮುಂದುವರಿಸುತ್ತೀಯ. ಇನ್ನೂ ಏನೋ ಇದೆ ಅಂತ ಅವರು ಬಾಯಿ ಮುಚ್ಚಿದರು. ಇದು ಕನ್ನಡದಲ್ಲಿ ಜೋಕು ಹೇಳುವವರಿಗೆಲ್ಲ ಇರುವ ಕಾಟ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಬಾಲಕ್ಕೆ "ಅಂತ ಅಂದ್ರು" ಬೇರೆ. ನಗಿಸುವ ಪದ ನಡುವೆ ಸಿಕ್ಕಿಕೊಳ್ಳುತ್ತದೆ. ಆದರೆ ಬಾಯಿಮಾತಿನ ಕನ್ನಡದಲ್ಲಿ ಕ್ರಿಯಾಪದ ಬಿಟ್ಟರೂ ನಡೆಯುತ್ತದೆ, ಅಲ್ವಾ? ಹೀಗೆ ಹೇಳಿ ನೋಡು:

"ಅಪ್ಪ ಬೀರು ಕೀಲಿ ತೆಗದ. ಒಳಗ ಅವ್ವನ ಬಂಗಾರ. ಹೊಲದ ಪತ್ರ. ರಿಮೋಟು."

ಅಲ್ಲಿಗೆ ನಿಲ್ಲು. ಒಂದು ಅಕ್ಷರವನ್ನೂ ಸೇರಿಸಬೇಡ. ನಗು ಏರಿ, ಇಳಿಯಲು ಶುರುವಾದಾಗ ಬಾಲ ಹಚ್ಚು: "ಅದರಾಗ ಸೆಲ್ ಇರಲಿಲ್ಲ. ಸೆಲ್ ಬ್ಯಾಂಕ್ ಲಾಕರ್‌ನಾಗ." ಹೊಸ ಸೆಟಪ್ ಇಲ್ಲದೆ ಇನ್ನೊಂದು ನಗು. ಎಲ್ಲ ಸೇರಿ 15 ಸೆಕೆಂಡ್ ಆಗಬಹುದು.

ಈಗ ಹೇಳಲು ಕಷ್ಟವಾದ ಮಾತು. ನಿನಗೆ ಅವತ್ತು ಜಾಸ್ತಿ ನಗು ಬಂದಿದ್ದು ಜೀನ್ಸ್ ವಾಷಿಂಗ್ ಯೂನಿಟ್‌ನ ಹುಡುಗನ ಜೋಕಿಗೆ. ಕೆಲಸ ಮಾಡಿ ಮಾಡಿ ಅವನ ಕೈ ನೀಲಿ, ಮದುವೆಯಲ್ಲಿ ಅರಿಶಿನ ಹಚ್ಚಿದರೆ ಮದುಮಗ ಹಸಿರು. ನಾನೂ ನಕ್ಕೆ. ಜೋಕಿನ ಕಟ್ಟಡ ಗಟ್ಟಿ ಇದೆ, "ಹಸಿರು" ಸರಿಯಾಗಿ ಕೊನೆಗೇ ಬಂತು. ಆದರೆ ನಗು ಬಿದ್ದಿದ್ದು ಯಾರ ಮೇಲೆ? ಗ್ಲೌಸ್ ಇಲ್ಲದೆ ಬಣ್ಣದ ನೀರಲ್ಲಿ ಕೈ ಅದ್ದುವವನ ಮೇಲೆ. ಆ ಹುಡುಗ ಮುಂದಿನ ಸಾಲಿನಲ್ಲಿ ಕೂತಿದ್ದರೆ ನೀನು ಅದನ್ನು ಹೇಳುತ್ತಿದ್ದೆಯಾ? ಅಪ್ಪನ ಜಿಪುಣತನ ಬೇರೆ ವಿಷಯ. ಅದು ನಿನ್ನ ಮನೆ, ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಿನಗೆ ತಿರುಗಿಸಿ ಕೊಡುತ್ತಾರೆ. ಆ ಹುಡುಗನ ಕೈಗೆ ಮೈಕ್ ಸಿಗುವುದಿಲ್ಲ.

ಅದನ್ನು ಬಿಟ್ಟುಬಿಡು ಅಂತಲ್ಲ. ನೀಲಿ ಕೈ ಇರಲಿ, ಮಾತು ಅವನಿಗೆ ಕೊಡು. ನಾನು ಕಟ್ಟಿದ್ದು ಇದು: "ಪ್ಯಾಂಟಿನ ಬಣ್ಣ ಹೋದಷ್ಟೂ ರೇಟ್ ಜಾಸ್ತಿ ಅಂತಾರ ಸಾಹುಕಾರ್ರು. ಹೋದ ಬಣ್ಣೆಲ್ಲಾ ನನ್ನ ಕೈಯಾಗ ಐತಿ. ನನ್ನ ರೇಟು?" ಅರಿಶಿನದ್ದಕ್ಕೆ ಬಂದಷ್ಟು ನಗು ಇದಕ್ಕೆ ಬರಲಿಕ್ಕಿಲ್ಲ. ಸಾಹುಕಾರ್ರ ದನಿ ನೀನು ಚೆನ್ನಾಗಿ ತೆಗೆಯುತ್ತೀಯ, ಅದನ್ನು ಸೇರಿಸಿದರೆ ಏರಬಹುದು. ಎರಡು ಮೂರು ಕಡೆ ಹೇಳಿದ ಮೇಲೇ ಗೊತ್ತಾಗೋದು.

ಕೊನೆಯ ಎರಡು ನಿಮಿಷದ ಟ್ರಾಫಿಕ್ ಜೋಕುಗಳ ಬಗ್ಗೆ ನಾನೇನೂ ಬರೆಯುವುದಿಲ್ಲ. ಅವನ್ನು ತೆಗೆದುಹಾಕು.

ಮುಂದಿನ ಶೋಗೆ ಅಪ್ಪನನ್ನೂ ಕರೆದುಕೊಂಡು ಬಾ. ರಿಮೋಟಿನ ಜೋಕಿಗೆ ಅವರ ಮುಖ ನೋಡಬೇಕು ನಾನು. ಮಿರ್ಚಿ ದುಡ್ಡು ಈ ಸಲ ನಿನ್ನದು.

ಇಂತಿ ನಿನ್ನ,
ಹಿಂದಿನ ಸಾಲಿನವನು